ಸ್ಕ್ರೀನ್ ಗಾರ್ಡ್ ಹಾಕಿಸಲು ಬರುವಾಗ ಬ್ಯಾಕ್ ಕವರನ್ನೂ ತರುವ ಕುರಿತು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮಲ್ಲಿ ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳುವವರು ತಾವು ಬಳಸುವ ಬ್ಯಾಕ್ ಕವರನ್ನೂ ಜೊತೆಗೆ ತರಬೇಕೆಂದು ಕೋರುತ್ತೇವೆ. ಕವರನ್ನು ಫೋನಿಗೆ ತೊಡಿಸಿ ನೋಡಿದ ಮೇಲೆಯೇ ಗಾರ್ಡನ್ನು ಆರಿಸಲಾಗುವುದು.

ಅಂಚು ಎದ್ದಿದೆ ಎಂದು ಮರಳಿ ಬರುವ ಗಾರ್ಡ್‌ಗಳಲ್ಲಿ ಹಲವನ್ನು ಎಬ್ಬಿಸಿರುವುದು ಅಂಟಿನ ದೋಷವಲ್ಲ, ಬಿಗಿಯಾದ ಕವರಿನ ಅಂಚು. ಕವರನ್ನು ತೆಗೆದು, ಎದ್ದ ಭಾಗವನ್ನು ಒತ್ತಿ ಒಂದು ದಿನ ಹಾಗೆಯೇ ಬಿಟ್ಟಾಗ ಅದು ಕುಳಿತೇ ಇದ್ದರೆ ಕಾರಣ ಕವರು. ಮತ್ತೆ ಎದ್ದರೆ ಅಂಟಿನಲ್ಲಿ ಸೇರಿದ ಧೂಳು ಅಥವಾ ಪರದೆಯ ಬಾಗು. ಕವರಿನ ಅಂಚಿಗೆ ತಾಗದಂತೆ ತುಸು ಕಿರಿದಾಗಿ ಕತ್ತರಿಸಿದ ಗಾಜು ನೋಟಕ್ಕೆ ಅಷ್ಟು ಚೆಂದವಲ್ಲದಿದ್ದರೂ ಹೆಚ್ಚು ಕಾಲ ನಿಲ್ಲುತ್ತದೆ.

ಎತ್ತರದ ಲೆಕ್ಕ ಇದಕ್ಕಿಂತ ಮುಖ್ಯವಾದುದು. ಕವರಿನ ಅಂಚು ಪರದೆಗಿಂತ 0.5 ಮಿ.ಮೀ. ಮೇಲಿದೆ ಎಂದುಕೊಳ್ಳೋಣ. ಸಾಮಾನ್ಯ ಟೆಂಪರ್ಡ್ ಗಾಜಿನ ದಪ್ಪ 0.33 ಮಿ.ಮೀ.; ಅಂಟನ್ನೂ ಸೇರಿಸಿದರೆ ಸುಮಾರು 0.4 ಆಗುವುದರಿಂದ, ಫೋನು ಸಮತಟ್ಟಾದ ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಾಗ ಗಾಜಿಗೂ ನೆಲಕ್ಕೂ ನಡುವೆ ಉಳಿಯುವುದು 0.1 ಮಿ.ಮೀ. ಮಾತ್ರ. ಅಂಚು 0.3 ಮಿ.ಮೀ. ಇರುವ ಕವರಾದರೆ ಗಾಜೇ ಹೊರಚಾಚಿ ಮೊದಲ ಪೆಟ್ಟು ತಿನ್ನುತ್ತದೆ. ಮನೆಯಲ್ಲಿ ಪರೀಕ್ಷಿಸಲು, ಕವರಿನ ಎರಡು ಅಂಚುಗಳ ಮೇಲೆ ನೇರವಾದ ಅಳತೆಪಟ್ಟಿಯನ್ನು ಅಡ್ಡವಿಟ್ಟು, ಅದರ ಕೆಳಗೆ ಒಂದು ಹಾಳೆ ಕಾಗದ ಸಲೀಸಾಗಿ ಸರಿಯುವುದೇ ನೋಡಬಹುದು. ಜಲ್ಲಿಯ ಮೇಲೆ ಬಿದ್ದರೆ ಯಾವ ಅಂಚೂ ಕಾಯಲಾರದು ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ಕವರಿನ ವಿಷಯದಲ್ಲಿ, ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್ ಮೂಲೆಗೆ ಬೀಳುವ ಪೆಟ್ಟನ್ನು ಹೀರಿಕೊಳ್ಳುತ್ತದೆಯಾದರೂ, ಬಿಸಿಲಿಗೆ ಹಳದಿಯಾಗಿ, ದಿನ ಕಳೆದಂತೆ ಸಡಿಲಗೊಳ್ಳುತ್ತದೆ. ಗಟ್ಟಿ ಪಾಲಿಕಾರ್ಬೊನೇಟ್ ಸಡಿಲಾಗುವುದಿಲ್ಲ, ಆದರೆ ಪೆಟ್ಟನ್ನು ಬಹುಪಾಲು ಫೋನಿಗೇ ದಾಟಿಸುತ್ತದೆ. ಬೆನ್ನು ಗಟ್ಟಿ, ಸುತ್ತಂಚು ಮೆತ್ತಗೆ ಇರುವ ಕವರೇ ಮೇಲೆಂಬುದು ನಮ್ಮ ಅಭಿಪ್ರಾಯ.

ಗಾರ್ಡ್‌ಗಳ ಪೊಟ್ಟಣಗಳಿಗೆ ನಾವು ಅಂಟಿಸುವ ಚೀಟಿಯಲ್ಲಿ ಇನ್ನು '9ಎಚ್' ಎಂಬ ಗುರುತು ಇರುವುದಿಲ್ಲ. ಅದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಳತೆಯೇ ಹೊರತು, ಬಿದ್ದಾಗ ಗಾಜು ತಾಳಿಕೊಳ್ಳುವುದೇ ಎಂಬುದನ್ನು ತಿಳಿಸುವುದಿಲ್ಲ. 9ಎಚ್ ಗಾಜನ್ನೂ ಜೇಬಿನ ಮರಳು ಗೀರಬಲ್ಲುದು. ಅದರ ಬದಲು ಚೀಟಿಯಲ್ಲಿ ಗಾಜಿನ ದಪ್ಪವನ್ನೂ, ಅಂಟು ಅಂಚಿಗಷ್ಟೇ ಇದೆಯೋ ಪೂರ್ತಿ ಇದೆಯೋ ಎಂಬುದನ್ನೂ ನಮೂದಿಸುತ್ತೇವೆ. ಪರದೆಯೊಳಗೇ ಬೆರಳಚ್ಚು ಓದುವ ಫೋನುಗಳಿಗೆ, ನಡುವೆ ಗಾಳಿಯ ಪದರ ಉಳಿಯದಂತೆ, ಪೂರ್ತಿ ಅಂಟಿನದನ್ನೇ ಕೊಡಲಾಗುವುದು. ಬಾಗಿದ ಪರದೆಯವರು ಟಿಪಿಯು ಪದರವನ್ನು ಆರಿಸಿಕೊಳ್ಳಬಹುದು. ಅದು ಗೀರು ತಡೆಯುತ್ತದೆ, ಬಿದ್ದ ಪೆಟ್ಟಿಗೆ ಕವರನ್ನೇ ನಂಬಬೇಕು.

ಈಗಾಗಲೇ ಗಾರ್ಡ್ ಹಾಕಿಸಿಕೊಂಡವರು ಕವರಿನೊಂದಿಗೆ ಫೋನನ್ನು ತಂದರೆ ಅಂಚಿನ ಎತ್ತರವನ್ನು ಶುಲ್ಕವಿಲ್ಲದೆ ನೋಡಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು