ಅಪ್ಪನ ಶುಗರ್ ವಿಷಯ ಮುಚ್ಚಿಡಬೇಡ

ಚಿ. ಸೌ. ಮೇಘಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಅಪ್ಪ-ಅಮ್ಮ ಜೂನ್‌ನಲ್ಲಿ ಮ್ಯೂನಿಕ್‌ಗೆ ನಿನ್ನ ಹತ್ತಿರ ಬರುತ್ತಾರೆ ಅಂತ ಕೇಳಿ ಖುಷಿಯಾಯಿತು. ನಿನ್ನೆ ನಿಮ್ಮಪ್ಪ ಮನೆಗೆ ಬಂದಿದ್ದ. ಟ್ರಾವೆಲ್ ಇನ್ಶೂರೆನ್ಸ್ ಅರ್ಜಿ ಫೋನಲ್ಲಿ ತೆರೆದಿಟ್ಟುಕೊಂಡು, "ಶುಗರ್ ಇದೆಯಾ ಅಂತ ಕೇಳಿದಾರೆ. ಇಲ್ಲ ಅಂತ ಹಾಕ್ತೀನಿ, ಪ್ರೀಮಿಯಂ ಕಡಿಮೆ ಆಗುತ್ತೆ" ಅಂದ. ಬೇಡ ಕಣೋ ಅಂದೆ, ಒಪ್ಪಲಿಲ್ಲ. ನಿನ್ನ ಮಾತು ಕೇಳುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ವೀಸಾ ಕೊಡುವವರು ಶುಗರ್ ಇರುವ ವಿಷಯವನ್ನು ಪಾಲಿಸಿಯಲ್ಲಿ ಹುಡುಕುವುದಿಲ್ಲ, ಅದು ನಿಜ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಶೆಂಗೆನ್ ವೀಸಾದ ನಿಯಮ ಕೇಳುವುದು ಇಷ್ಟು: ಕನಿಷ್ಠ 30,000 ಯೂರೋ ಕವರ್ ಇರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಕಾಯಿಲೆಯಾದರೆ ಊರಿಗೆ ಕರೆತರುವುದು, ಸಾವು ಸಂಭವಿಸಿದರೆ ಅದರ ಖರ್ಚು ಇಷ್ಟೂ ಅದರಲ್ಲಿ ಸೇರಿರಬೇಕು. ಇರುವ ಅಷ್ಟೂ ದಿನಕ್ಕೆ, ಎಲ್ಲ ಶೆಂಗೆನ್ ದೇಶಗಳಲ್ಲೂ ನಡೆಯಬೇಕು. ನಮ್ಮಲ್ಲಿ ಪಾಲಿಸಿ ಸಾಮಾನ್ಯವಾಗಿ ಡಾಲರ್‌ನಲ್ಲಿರುತ್ತದೆ. 30,000 ಡಾಲರ್ ಅಂದರೆ 30,000 ಯೂರೋ ಆಗುವುದಿಲ್ಲ, 50,000 ಡಾಲರ್‌ನದ್ದೇ ತೆಗೆದುಕೊಳ್ಳಲಿ. ಪಾಲಿಸಿಯಲ್ಲಿ "ಶೆಂಗೆನ್" ಅನ್ನುವ ಪದ ಇದೆಯಾ ನೋಡು. ಬರೀ ಯೂರೋಪಿಯನ್ ಯೂನಿಯನ್ ಅಂತಿದ್ದರೆ ಸಾಲದು. ನಿಮ್ಮಮ್ಮನಿಗೆ ನೋಡಬೇಕೆಂದಿರುವ ಸ್ವಿಟ್ಜರ್ಲೆಂಡ್ ಶೆಂಗೆನ್‌ನಲ್ಲಿದೆ, ಯೂನಿಯನ್‌ನಲ್ಲಿ ಇಲ್ಲ.

ದಿನದ ಲೆಕ್ಕದಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಅವರ ವಿಮಾನ ಜೂನ್ 3ರ ಬೆಳಗಿನ ಜಾವ. ಆದರೆ ಮನೆ ಬಿಡುವುದು 2ರ ರಾತ್ರಿ. ಮ್ಯೂನಿಕ್ ಬಿಡುವುದು ಆಗಸ್ಟ್ 28, ಬೆಂಗಳೂರು ಮುಟ್ಟುವುದು 29. ಬಂದ ದಿನ, ಹೊರಡುವ ದಿನ ಎರಡನ್ನೂ ಸೇರಿಸಿದರೆ ಅಲ್ಲಿ 87 ದಿನ ಆಗುತ್ತದೆ. ಪಾಲಿಸಿ ಜೂನ್ 2ರಿಂದ ಆಗಸ್ಟ್ 29ರ ತನಕ, ಅಂದರೆ 89 ದಿನಕ್ಕೆ ಇರಲಿ. ಅರ್ಜಿ, ಟಿಕೆಟ್, ಪಾಲಿಸಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೆಸರು ಪಾಸ್‌ಪೋರ್ಟ್‌ನಲ್ಲಿದ್ದ ಹಾಗೇ ಇರಬೇಕು. ವೀಸಾ ನಿರಾಕರಿಸುವಾಗ ಕೊಡುವ ಫಾರ್ಮ್‌ನಲ್ಲಿ "ಸರಿಯಾದ ಇನ್ಶೂರೆನ್ಸ್ ಇಲ್ಲ" ಅನ್ನುವುದಕ್ಕೇ ಒಂದು ಕಾರಣದ ಸಾಲು ಇದೆ.

ಇಷ್ಟೂ ಸರಿಯಿದ್ದರೆ ಇನ್ಶೂರೆನ್ಸ್ ವಿಚಾರದಲ್ಲಿ ವೀಸಾ ಕೊಡುವವರಿಗೆ ತಕರಾರಿಲ್ಲ. ಆದರೆ ಅದೇ ಕಾಗದವನ್ನು ಇನ್ಶೂರೆನ್ಸ್ ಕಂಪನಿಯವರು ಆಮೇಲೆ, ಕ್ಲೇಮ್ ಬಂದ ದಿನ ಬೇರೆಯೇ ರೀತಿ ಓದುತ್ತಾರೆ.

ನಮಗೆ ಆದದ್ದನ್ನು ನಿನಗೆ ಇದುವರೆಗೆ ಪೂರ್ತಿ ಹೇಳಿರಲಿಲ್ಲ. ನಿನ್ನ ದೊಡ್ಡಮ್ಮನ ಜೊತೆ ಯೂರೋಪ್‌ಗೆ ಹೋದಾಗ ಅರ್ಜಿಯಲ್ಲಿ ಅವಳ ಬಿಪಿ ಬರೆಯಲಿಲ್ಲ. ಏಜೆಂಟ್ ಬೇಡ ಅಂದಿದ್ದ. ಅಲ್ಲಿ ಒಂದು ರಾತ್ರಿ ತಲೆಸುತ್ತಿ ಬಿದ್ದಳು, ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಕರೆದುಕೊಳ್ಳುವಾಗ ನರ್ಸ್ ಮೊದಲು ಕೇಳಿದ್ದೇ, "ದಿನಾ ಯಾವ ಮಾತ್ರೆ ತಗೋತೀರಿ?" ಅಂತ. ನಾನೇ ಬ್ಯಾಗಿನಿಂದ ಬಿಪಿ ಮಾತ್ರೆಯ ಹಾಳೆ ತೆಗೆದು ತೋರಿಸಿದೆ. ಅವಳು ಹೆಸರು, ಡೋಸ್, ಎಷ್ಟು ವರ್ಷದಿಂದ ಅನ್ನುವುದನ್ನೆಲ್ಲ ಬರೆದುಕೊಂಡಳು. ಬಿಡುಗಡೆ ಚೀಟಿಯಲ್ಲಿ ಅದೇ ಬಂತು. ಇನ್ಶೂರೆನ್ಸ್‌ನವರು ಚೀಟಿ ಓದಿ, ಊರಿನ ಡಾಕ್ಟರ ಹಳೇ ಕಾಗದ ಕೇಳಿ, ಅರ್ಜಿಯ ಜೊತೆ ಹೋಲಿಸಿ ಕ್ಲೇಮ್ ತಳ್ಳಿಹಾಕಿದರು. ಬಿಲ್ ಪೂರ್ತಿ ನಾವೇ ಕಟ್ಟಿದೆವು. ಆಗ ನಾನು ಕಟ್ಟಿದ ದುಡ್ಡಿಗಿಂತ, ಸುಳ್ಳು ಬರೆದಿದ್ದು ನಾನೇ ಅನ್ನುವುದು ಮನಸ್ಸನ್ನು ಕೊರೆಯಿತು.

ಶುಗರ್ ಇದೆ ಅಂತ ಬರೆದರೂ ಎಲ್ಲ ಖರ್ಚೂ ಬರುತ್ತದೆ ಅಂದುಕೊಳ್ಳಬೇಡ. ತುಂಬಾ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಜೀವಕ್ಕೆ ಅಪಾಯ ಆದಾಗಷ್ಟೇ, ಅದೂ ಒಂದು ಮಿತಿಯೊಳಗೆ ಹಣ ಸಿಗುತ್ತದೆ. ಮಾಮೂಲಿ ಚೆಕಪ್‌ಗೆ, ದಿನದ ಮಾತ್ರೆಗೆ ಸಿಗುವುದಿಲ್ಲ. 87 ದಿನದ ಮಾತ್ರೆ ಜೊತೆಗೆ ಇನ್ನೊಂದೆರಡು ವಾರದ್ದು, ಡಾಕ್ಟರ ಚೀಟಿ ಸಮೇತ ಇಲ್ಲಿಂದಲೇ ತರಲಿ. ಆ ಮಿತಿ ಎಷ್ಟು ಅಂತ ಪಾಲಿಸಿಯಲ್ಲಿ ಹುಡುಕು. ವಯಸ್ಸಾದವರ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ, ಆಪರೇಷನ್‌ಗೆ ಬೇರೆ ಬೇರೆ ಮಿತಿ ಹಾಕಿರುವುದೂ ಉಂಟು. ಮುಖಪುಟದ 50,000 ಡಾಲರ್ ನೋಡಿದರೆ ಅದು ಗೊತ್ತಾಗುವುದಿಲ್ಲ. ಎರಡು ಪಾಲಿಸಿ ಹೋಲಿಸುವಾಗ ಪ್ರೀಮಿಯಂ ಬಿಟ್ಟು ಈ ಸಾಲುಗಳನ್ನೇ ಹೋಲಿಸು.

ಪಾಲಿಸಿಯ ಪ್ರಿಂಟ್ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ ಅಂತ ಹೇಳು. ಮ್ಯೂನಿಕ್‌ನಲ್ಲಿ ಇಳಿದಾಗ ಅಧಿಕಾರಿ ಕೇಳಬಹುದು. ಕಂಪನಿಯ ಸಹಾಯವಾಣಿ ನಂಬರ್ ನಿನ್ನ ಫೋನಲ್ಲೂ ಇರಲಿ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಆದಷ್ಟು ಬೇಗ ಅವರಿಗೆ ತಿಳಿಸಬೇಕು. ಜೀವದ ಪ್ರಶ್ನೆಯಾದರೆ ಮಾತ್ರ ಮೊದಲು 112ಕ್ಕೆ ಫೋನ್ ಮಾಡು.

ಭಾನುವಾರ ಅಪ್ಪನಿಗೆ ಫೋನ್ ಮಾಡು. ದುಡ್ಡು ಕಟ್ಟುವ ಮುಂಚೆ ತುಂಬಿದ ಅರ್ಜಿಯ ಫೋಟೋ ನನಗೂ ನಿನಗೂ ಕಳಿಸಲಿ.

ಇಂತಿ,
ನಿನ್ನ ದೊಡ್ಡಪ್ಪ