ಶಕ್ತಿಯೋ, ಸಾಮರ್ಥ್ಯವೋ?

ಸಂಪಾದಕರೇ,

ಕಲಬುರಗಿಯ ಪದವಿ ವಿದ್ಯಾರ್ಥಿಗಳಿಗಾಗಿ ಬರೆದ ಸೌರ ವಿದ್ಯುತ್ ಕುರಿತ ಪ್ರಬಂಧವೊಂದನ್ನು ಓದಿದೆ. ವಿಷಯ ಚೆನ್ನಾಗಿದೆ. ಆದರೆ ಒಂದು ಕಡೆ ‘ಫಲಕದ ಶಕ್ತಿ 3 ಕಿಲೋವ್ಯಾಟ್’, ಎರಡು ಸಾಲು ಕೆಳಗೆ ‘ದಿನದ ಶಕ್ತಿ 12 ಯೂನಿಟ್’. ಎರಡೂ ಹೇಗೆ ಶಕ್ತಿಯಾಗುತ್ತವೆ?

ನಮ್ಮ ಪಠ್ಯಪುಸ್ತಕಗಳಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಎಂಬ ಪದಗಳಿವೆ. 3 ಕಿಲೋವ್ಯಾಟ್ ಎಂಬುದು ಸಾಮರ್ಥ್ಯ. ಅದೇ ಸಾಮರ್ಥ್ಯದಲ್ಲಿ ಫಲಕ 4 ಗಂಟೆ ದುಡಿದರೆ ಸಿಗುವ 12 ಕಿಲೋವ್ಯಾಟ್ ಅವರ್ ಶಕ್ತಿ. ನಮ್ಮ ಕರೆಂಟ್ ಬಿಲ್ಲಿನ 12 ಯೂನಿಟ್ ಅಂದರೆ ಇದೇ.

ತಪ್ಪು ಹಿಡಿಯುವುದು ಸುಲಭ. ಪದದ ಪಕ್ಕದ ಮಾನ ನೋಡಿ. ಬರೀ ವ್ಯಾಟ್ ಇದ್ದರೆ ಸಾಮರ್ಥ್ಯ, ಜೂಲ್, ವ್ಯಾಟ್ ಅವರ್ ಅಥವಾ ಯೂನಿಟ್ ಇದ್ದರೆ ಶಕ್ತಿ.

ಅದೇ ಲೇಖಕರು ಮುಂದೆ ಬ್ಯಾಟರಿಯ ಕೆಪಾಸಿಟಿಗೂ ‘ಸಾಮರ್ಥ್ಯ’ ಎಂದೇ ಬರೆದಿದ್ದಾರೆ. ದಿನಬಳಕೆಯಲ್ಲಿ ಇದು ಸರಿ, ಪ್ರಬಂಧದಲ್ಲಿ ಗೊಂದಲ. ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂದು ಬಿಡಿಸಿ ಹೇಳಿದರೆ ಸಾಕಲ್ವಾ? ಎಫಿಶಿಯೆನ್ಸಿಗೆ ‘ದಕ್ಷತೆ’ ಇದ್ದೇ ಇದೆ. ಅಲ್ಲೂ ಸುಮ್ನೆ ‘ಸಾಮರ್ಥ್ಯ’ ಹಾಕಿದ್ದು ಮಾತ್ರ ಜಾಸ್ತಿಯಾಯಿತು.

ಸಮಾನಪದ ಬಳಸಿ ಬರಹ ಚಂದ ಮಾಡುವ ಅಭ್ಯಾಸ ಕತೆಗಿರಲಿ. ಇಂಥ ಪ್ರಬಂಧಕ್ಕೆ ಕೂರುವ ಮೊದಲು ಲೇಖಕರು ಈ ಮೂರು ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

– ಓರ್ವ ಓದುಗ, ಕಲಬುರಗಿ