ನಾಳೆಯ 7ನೇ ತರಗತಿಯ ಖೋ ಖೋ ಪೀರಿಯಡ್

ನಾಳೆ ನನ್ನ ಪೀರಿಯಡ್ ತೆಗೆದುಕೊಳ್ಳುವ ಟೀಚರ್ ದಯವಿಟ್ಟು ನೋಡಿ. ಈ ವಾರದ ಪಾಠ ಖೋ ಕೊಡುವುದೊಂದೇ. ಎಂಟು ಮಕ್ಕಳನ್ನು ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂರಿಸಿ. ಮೊದಲ ಹತ್ತು ನಿಮಿಷ ಓಡುವವರು ಬೇಡ, ಅಟ್ಟುವವರು ನಡೆಯುತ್ತಲೇ ಖೋ ಕೊಡಲಿ. ಹಿಂದಿನಿಂದ ಬೆನ್ನು ಮುಟ್ಟಬೇಕು, ಜೊತೆಗೇ ಜೋರಾಗಿ ‘ಖೋ’ ಅನ್ನಬೇಕು. ಅದಕ್ಕೂ ಮೊದಲೇ ಕೂತವರು ಎದ್ದರೆ ಫೌಲ್. ನಮ್ಮ ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಕೂತವರ ಕಣ್ಣು ಮುಚ್ಚಿಸಿ ಒಂದು ಸುತ್ತು ಮಾಡಿಸಿ, ಆಗ ಕಾಯುವುದು ಕಲಿಯುತ್ತಾರೆ. ಎದ್ದು ನಿಂತರೆ ಸಾಕು, ಓಡುವುದು ಬೇಡ. ಆಮೇಲೆ ಮೂವರು ಓಟಗಾರರನ್ನು ಬಿಡಿ.

ಮುಂಬೈ ಮಳೆ ಗೊತ್ತಲ್ವಾ? ಮೈದಾನ ಕೆಸರಾಗಿದ್ದರೆ ಕಂಬ ತಿರುಗುವಾಗ ಜಾರುತ್ತಾರೆ. ಆಗ ಹಾಲ್‌ನಲ್ಲಿ ನಡಿಗೆಯ ಭಾಗವಷ್ಟೇ ಮಾಡಿಸಿ. ಉಬ್ಬಸ ಇರುವ ಹುಡುಗಿಗೆ ಫೌಲ್ ನೋಡುವ ಕೆಲಸ ಕೊಡಿ, ಚೆನ್ನಾಗಿ ಮಾಡುತ್ತಾಳೆ.